ಒಂದೇ ಮುಖ, ನಾಲ್ಕು ಬಗೆಯ ಗುಳ್ಳೆ: ದಿಂಬು, ಟವೆಲ್, ಫೋನ್, ಮೇಕಪ್ ಸ್ಪಾಂಜ್ ಸುತ್ತ ಒಂದು ಪ್ರಕರಣ

ಆಕೆಗೆ 27 ವರ್ಷ. ದಿನಕ್ಕೆ ಆರೇಳು ಗಂಟೆ ಫೋನಿನಲ್ಲೇ ಮಾತಾಡುವ ಕೆಲಸ. ನಾಲ್ಕು ತಿಂಗಳಿಂದ ಮುಖದ ತುಂಬ ಮೊಡವೆ. ನನ್ನ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದ ಮೊದಲ ಮಾತು, "ಡಾಕ್ಟ್ರೇ, ನಾನು ತುಂಬಾ ಕ್ಲೀನಾಗಿ ಇರ್ತೀನಿ. ಆದ್ರೂ ಯಾಕೆ ಹೀಗೆ?"

ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಮೊಡವೆ ಬಂದವರಿಗೆಲ್ಲ ಯಾರೋ ಒಬ್ಬರು "ಮುಖ ಸರಿಯಾಗಿ ತೊಳಿ" ಅಂತ ಹೇಳಿಯೇ ಇರುತ್ತಾರೆ. ಈಕೆ ಮುಖ ತೊಳೆಯುತ್ತಿದ್ದದ್ದು ದಿನಕ್ಕೆ ಐದು ಸಲ. ಫೋನನ್ನು ಆಲ್ಕೋಹಾಲ್ ವೈಪ್‌ನಿಂದ ದಿನಕ್ಕೆ ಹತ್ತಾರು ಸಲ ಒರೆಸುತ್ತಿದ್ದರು. ದಿಂಬಿನ ಕವರ್ ವಾರಕ್ಕೆ ಎರಡು ಸಲ ಬದಲಾಗುತ್ತಿತ್ತು, ಮೇಕಪ್ ಬ್ರಷ್‌ಗಳಿಗೆ ಪ್ರತಿ ಭಾನುವಾರ ಸ್ನಾನ. ಮೊಡವೆ ಮಾತ್ರ ಹೆಚ್ಚುತ್ತಲೇ ಇತ್ತು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಬಲಗೆನ್ನೆಯಲ್ಲಿ ಮೊಡವೆ ಜಾಸ್ತಿ ಇತ್ತು, ಎಡಗೆನ್ನೆಯಲ್ಲಿ ಕಡಿಮೆ. ಒಂದೇ ಕಡೆ ಇದೆ ಅಂದರೆ ಆ ಕಡೆಗೇ ಮಲಗುತ್ತಾರೆ, ದಿಂಬಿಂದಲೇ ಬಂದಿರಬೇಕು ಅಂತ ನಾನೇ ಊಹಿಸಿಕೊಂಡೆ. ಕೇಳಲಿಲ್ಲ. "ಕವರ್ ದಿನಾ ಬದಲಾಯಿಸಿ ನೋಡಿ, ಮೂರು ವಾರ ಬಿಟ್ಟು ಬನ್ನಿ" ಅಂತ ಕಳಿಸಿದೆ.

ಮೂರು ವಾರದ ನಂತರ ಬಂದಾಗ ಮೊಡವೆ ಅಷ್ಟೇ ಇತ್ತು. ಅದರ ಜೊತೆಗೆ ಇಡೀ ಮುಖ ಕೆಂಪಾಗಿ, ಬಿಗಿದುಕೊಂಡು, ನೀರು ಬಿದ್ದರೂ ಉರಿಯುವಂತಾಗಿತ್ತು. ಆಗ ಕೇಳಿದೆ, "ಯಾವ ಮಗ್ಗುಲಿಗೆ ಮಲಗ್ತೀರಿ?"

"ಎಡಕ್ಕೆ ಡಾಕ್ಟ್ರೇ. ಬಲಕ್ಕೆ ಮಲಗಿದ್ರೆ ನನಗೆ ನಿದ್ದೆನೇ ಬರಲ್ಲ."

ಅಂದರೆ ಬಲಗೆನ್ನೆ ರಾತ್ರಿಯಿಡೀ ದಿಂಬನ್ನು ಮುಟ್ಟುತ್ತಲೇ ಇರಲಿಲ್ಲ! ಹಾಗಾಗಿ ಎಲ್ಲವನ್ನೂ ಮೊದಲಿನಿಂದ ನೋಡಲು ಕೂತೆವು.

ಮುಂದೆ ಹೋಗುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಮೊಡವೆ ಕೊಳೆಯಿಂದ ಬರುವ ಕಾಯಿಲೆ ಅಲ್ಲ. ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ಕೊಳವೆಗಳಿವೆ. ಅಲ್ಲೇ ಜಿಡ್ಡು ಸ್ರವಿಸುವ ಗ್ರಂಥಿಯೂ ಇದೆ. ಒಳಗಿನ ಸತ್ತ ಜೀವಕೋಶಗಳು ಉದುರಿ ಹೊರಗೆ ಬರುವ ಬದಲು ಜಿಡ್ಡಿನ ಜೊತೆ ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಆ ಮುಚ್ಚಿದ ಕೊಳವೆಯೊಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಸುತ್ತ ಊತ ಬರುತ್ತದೆ. ಈ ಬ್ಯಾಕ್ಟೀರಿಯಾ ಎಲ್ಲರ ಚರ್ಮದಲ್ಲೂ ಇರುತ್ತದೆ. ಗಾಳಿ ಕಡಿಮೆ ಇರುವ ಜಾಗವೇ ಅದಕ್ಕೆ ಇಷ್ಟ. ದಿಂಬಿನ ಮೇಲಿಂದ ಅದು ಹತ್ತಿಕೊಂಡು ಮೊಡವೆ ಆಯಿತು ಅನ್ನುವುದು ಸರಿಯಲ್ಲ. ಅದು ಮೊದಲೇ ಒಳಗಿದೆ.

ಹಾಗಾದರೆ ದಿಂಬು, ಟವೆಲ್, ಫೋನ್, ಬ್ರಷ್‌ಗಳಿಗೆ ಇದರಲ್ಲಿ ಏನೂ ಪಾತ್ರವಿಲ್ಲವಾ? ಇದೆ. ಆದರೆ ಒಂದೊಂದರದ್ದು ಒಂದೊಂದು ಬಗೆ. ಕೆಲವು ಕೊಳವೆಯ ಬಾಯಿಗೆ ಜಿಡ್ಡು ಮೆತ್ತುತ್ತವೆ. ಕೆಲವು ಒತ್ತುತ್ತವೆ, ಉಜ್ಜುತ್ತವೆ. ಕೆಲವು ಬೇರೆಯೇ ಒಂದು ರೋಗಾಣುವನ್ನು ತಂದು ಹಾಕುತ್ತವೆ, ಆಗ ಬರುವುದು ಮೊಡವೆಯಂತೆ ಕಾಣುವ ಸೋಂಕು. ಮೂರಕ್ಕೂ ಪರಿಹಾರ ಬೇರೆ ಬೇರೆ. ಎಲ್ಲದಕ್ಕೂ "ಇನ್ನೂ ಜಾಸ್ತಿ ತೊಳಿ" ಅನ್ನುವ ಒಂದೇ ಉತ್ತರ ಕೊಟ್ಟರೆ ಏನಾಗುತ್ತದೆ ಅನ್ನುವುದು ಈಕೆಯ ಮುಖದಲ್ಲೇ ಕಾಣುತ್ತಿತ್ತು.

ಎರಡನೇ ಭೇಟಿಯಲ್ಲಿ ಒಂದು ಹಾಳೆಯ ಮೇಲೆ ಮುಖದ ಚಿತ್ರ ಬರೆದು, ಒಂದೊಂದು ಗುಳ್ಳೆಯನ್ನೂ ಎಣಿಸಿ ಗುರುತು ಹಾಕಿದೆ. ಒಳ್ಳೆಯ ಬೆಳಕಿನಲ್ಲಿ, ಚರ್ಮವನ್ನು ಬೆರಳಿನಿಂದ ಸ್ವಲ್ಪ ಎಳೆದು ಹಿಡಿದು. ಹಾಗೆ ಹಿಡಿದರೆ ಮೇಲ್ನೋಟಕ್ಕೆ ಕಾಣದ ಮುಚ್ಚಿದ ಗುಳ್ಳೆಗಳು ಬಿಳಿ ಕಾಳಿನಂತೆ ಎದ್ದು ಕಾಣುತ್ತವೆ. ಮುಗಿಸುವಷ್ಟರಲ್ಲಿ ಒಂದು ಮುಖದಲ್ಲಿ ನಾಲ್ಕು ಬಗೆಯ ಗುಳ್ಳೆಗಳು ನಾಲ್ಕು ಕಡೆ ಇವೆ ಅಂತ ಗೊತ್ತಾಯಿತು.

ಬಲಗೆನ್ನೆಯಲ್ಲಿ, ಕಿವಿಯ ಮುಂದಿನಿಂದ ದವಡೆಯವರೆಗೆ ಒಂದು ಪಟ್ಟಿಯ ಹಾಗೆ, ಒಂಬತ್ತು ಗಟ್ಟಿ ಕೆಂಪು ಗುಳ್ಳೆ. ಮುಟ್ಟಿದರೆ ನೋವು. ಎಡಗೆನ್ನೆಯ ಅದೇ ಜಾಗದಲ್ಲಿ ಎರಡೇ.

ಹಣೆಯ ಮೇಲೆ, ಕೂದಲು ಶುರುವಾಗುವ ಅಂಚಿನ ಉದ್ದಕ್ಕೂ ಚರ್ಮದ ಬಣ್ಣದ್ದೇ ಸಣ್ಣ ಮುಚ್ಚಿದ ಗುಳ್ಳೆಗಳು. ನೋವಿಲ್ಲ, ತುರಿಕೆ ಇಲ್ಲ, ಕೀವಿಲ್ಲ. ಎಡಬದಿಯಲ್ಲಿ ಸುಮಾರು ಇಪ್ಪತ್ತು, ಬಲಬದಿಯಲ್ಲಿ ಎಂಟು.

ಎರಡೂ ಕೆನ್ನೆಗಳ ಉಬ್ಬಿದ ಭಾಗದಲ್ಲಿ, ಮೂಗಿನ ಅಕ್ಕಪಕ್ಕದಲ್ಲಿ, ಹನ್ನೊಂದು ಪುಟ್ಟ ಕೀವುಗುಳ್ಳೆ. ಲೆನ್ಸ್ ಇಟ್ಟು ನೋಡಿದರೆ ಹೆಚ್ಚಿನವುಗಳ ನಡುವೆ ಒಂದು ಸಣ್ಣ ಕೂದಲು. ಒಡೆದವುಗಳ ಮೇಲೆ ಹಳದಿ ಹಕ್ಕಳೆ.

ಗದ್ದದಲ್ಲಿ ಮೂರು ದೊಡ್ಡ ಗುಳ್ಳೆ. ಮುಟ್ಟಿನ ಮುಂಚಿನ ವಾರ ಬರುತ್ತವೆ, ಆಮೇಲೆ ಇಳಿಯುತ್ತವೆ. ಇದು ಹಾರ್ಮೋನಿಗೆ ಸಂಬಂಧಿಸಿದ್ದು. ಯಾವ ಕವರ್ ಬದಲಿಸಿದರೂ, ಏನು ತೊಳೆದರೂ ಇದು ಹೋಗುವುದಿಲ್ಲ ಅಂತ ಅವತ್ತೇ ಹೇಳಿದೆ. ಅದಕ್ಕೆ ಔಷಧಿಯೇ ಬೇಕು.

ಸೋಂಕಿನ ಅನುಮಾನ ಇದ್ದದ್ದು ಕೆನ್ನೆಯ ಕೀವುಗುಳ್ಳೆಗಳ ಮೇಲೆ. ನಿಜವಾದ ಮೊಡವೆ ಹೀಗೆ ದಿಢೀರ್ ಅಂತ ಬರುವುದಿಲ್ಲ. ಕೊಳವೆ ಮುಚ್ಚಿಕೊಳ್ಳಲು ಶುರುವಾದ ಮೇಲೆ ಕಣ್ಣಿಗೆ ಕಾಣುವ ಮೊಡವೆ ಆಗಲು ವಾರಗಳೇ ಬೇಕು. ಈಕೆಗೆ ಇವು ಬರುತ್ತಿದ್ದದ್ದು ಮೇಕಪ್ ಹಾಕಿದ ಎರಡನೇ ದಿನ. ಹಾಗಾಗಿ ಒಂದು ಗುಳ್ಳೆಯ ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು, ಯಾವ ರೋಗಾಣು ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿ, "ನಾಳೆ ಬರುವಾಗ ಮೇಕಪ್ ಚೀಲ, ಟವೆಲ್, ದಿಂಬಿನ ಕವರ್ ಎಲ್ಲ ತನ್ನಿ. ತೊಳೀಬೇಡಿ, ಇದ್ದ ಹಾಗೇ ತನ್ನಿ" ಅಂದೆ.

ಮಾರನೇ ದಿನ ಚೀಲ ಬಿಚ್ಚಿದೆವು. ಬ್ರಷ್‌ಗಳು ನೋಡಲು ಶುಭ್ರವಾಗಿದ್ದವು, ಕೂದಲಿನಲ್ಲಿ ಬಣ್ಣದ ಗುರುತಿಲ್ಲ. ಆದರೆ ಫೌಂಡೇಷನ್ ಬ್ರಷ್‌ನ ಕೂದಲನ್ನು ಬೆರಳಲ್ಲಿ ಬಿಡಿಸಿ ಬುಡದವರೆಗೆ ಹೋದರೆ ಅಲ್ಲಿ ತೇವ, ಅಂಟು. ತೊಳೆದದ್ದು ಭಾನುವಾರ, ನಾವು ನೋಡಿದ್ದು ಮಂಗಳವಾರ. ತೊಳೆದ ಮೇಲೆ ಎಲ್ಲಿಡುತ್ತೀರಿ ಅಂತ ಕೇಳಿದೆ. ಬಚ್ಚಲುಮನೆಯ ಕಪಾಟಿನಲ್ಲಿ, ಒಂದು ಲೋಟದಲ್ಲಿ, ಕೂದಲು ಮೇಲೆ ಮಾಡಿ ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸಿದರೆ ನೀರು ಕೆಳಗಿಳಿದು ಕೂದಲನ್ನು ಹಿಡಿದಿರುವ ಲೋಹದ ಪಟ್ಟಿಯೊಳಗೆ ನಿಲ್ಲುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ. ಅಂಟೂ ಸಡಿಲವಾಗುತ್ತದೆ, ಕೂದಲು ಉದುರಲು ಶುರುವಾಗುವುದು ಅದರಿಂದಲೇ.

ಸ್ಪಾಂಜ್ ಇನ್ನೂ ಬೇರೆ ಕಥೆ. ಅದನ್ನು ಒದ್ದೆ ಮಾಡಿ ಹಿಂಡಿ ಬಳಸುವುದು, ಬಳಸಿದ ಮೇಲೆ ಮೇಲ್ಮೈ ತೊಳೆದು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚುವುದು. "ಧೂಳು ಬೀಳದೇ ಇರ್ಲಿ ಅಂತ" ಅಂದರು. ಕತ್ತರಿ ತೆಗೆದುಕೊಂಡು ಅವರ ಎದುರೇ ಸ್ಪಾಂಜನ್ನು ಎರಡು ಹೋಳು ಮಾಡಿದೆ. ಹೊರಗೆ ತಿಳಿ ಗುಲಾಬಿ. ಒಳಗೆ ನಡುವಿನಲ್ಲಿ ಕಂದು ಬಣ್ಣದ ಒದ್ದೆ ಮುದ್ದೆ, ಅದರ ಸುತ್ತ ಕಪ್ಪು ಚುಕ್ಕೆ, ಒದ್ದೆ ಬಟ್ಟೆಯನ್ನು ಮೂಲೆಯಲ್ಲಿ ಮರೆತಾಗ ಬರುವ ವಾಸನೆ. ಆಕೆ ಮುಖ ತಿರುಗಿಸಿಕೊಂಡರು. ಇದನ್ನೇ ಅವರು ವಾರಕ್ಕೆ ನಾಲ್ಕು ದಿನ ಕೆನ್ನೆಗೆ ಒತ್ತುತ್ತಿದ್ದರು, ಅದೂ ಸರಿಯಾಗಿ ಆ ಹನ್ನೊಂದು ಗುಳ್ಳೆಗಳಿದ್ದ ಜಾಗಕ್ಕೆ.

ಇದರಲ್ಲಿ ಆಕೆಯೊಬ್ಬರದೇ ತಪ್ಪೇನಿಲ್ಲ. 2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಜನ ಬಳಸುತ್ತಿದ್ದ ಮೇಕಪ್ ವಸ್ತುಗಳನ್ನು ಪರೀಕ್ಷಿಸಿದಾಗ ಹೆಚ್ಚು ಬ್ಯಾಕ್ಟೀರಿಯಾ ಸಿಕ್ಕಿದ್ದು ಇಂಥ ಸ್ಪಾಂಜ್‌ಗಳಲ್ಲೇ. ಅವುಗಳಲ್ಲಿ 93% ಒಂದು ಸಲವೂ ತೊಳೆದಿರದವು. ಈಕೆ ಕಡೇಪಕ್ಷ ತೊಳೆಯುತ್ತಿದ್ದರು. ಒಣಗಿಸುತ್ತಿರಲಿಲ್ಲ, ಅಷ್ಟೇ. ಆದರೆ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೇ ಆ ತೇವ. ಪೌಡರ್ ಬ್ರಷ್‌ಗಿಂತ ಫೌಂಡೇಷನ್ ಬ್ರಷ್, ಅದಕ್ಕಿಂತ ಸ್ಪಾಂಜ್ ಹೆಚ್ಚು ತೊಂದರೆ ಕೊಡುವುದು ಇದೇ ಕಾರಣಕ್ಕೆ.

ಕಲ್ಚರ್ ವರದಿಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಬಂತು. ಕೀವುಗುಳ್ಳೆ, ಕುರು ತರುವ ಬ್ಯಾಕ್ಟೀರಿಯಾ ಇದು. ಮೊಡವೆಯದ್ದಲ್ಲ. ಕೂದಲಿನ ಬುಡದ ಸೋಂಕು, ಅಂದರೆ ಫಾಲಿಕ್ಯುಲೈಟಿಸ್. ಹಾಗಾದರೆ ಇದು ಎಲ್ಲಿಂದ ಬಂತು?

ಟವೆಲ್ ಬಗ್ಗೆ ಕೇಳುತ್ತಾ ಹೋದಾಗ ದಾರಿ ಸಿಕ್ಕಿತು. ಮುಖ ಒರೆಸಲು ಬೇರೆ ಟವೆಲ್ ಇರಲಿಲ್ಲ. ಬೇಸಿನ್ ಪಕ್ಕ ಒಂದು ಟವೆಲ್ ನೇತಾಡುತ್ತಿತ್ತು, ಮನೆಯಲ್ಲಿದ್ದ ಮೂವರೂ ಕೈ, ಮುಖ ಎಲ್ಲ ಅದರಲ್ಲೇ ಒರೆಸುತ್ತಿದ್ದರು. ಅದರಲ್ಲೊಬ್ಬರಿಗೆ, ಆಕೆಯ ತಂಗಿಗೆ, ಎರಡು ತಿಂಗಳ ಹಿಂದೆ ತೊಡೆಯಲ್ಲಿ ಕುರು ಎದ್ದಿತ್ತು. ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೂ ಅಕ್ಕನ ಮುಖಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸುವುದಾದರೂ ಹೇಗೆ, ಅಲ್ವಾ? ಒಂದು ತೊಡೆಯಲ್ಲಿ, ಇನ್ನೊಂದು ಕೆನ್ನೆಯಲ್ಲಿ.

ತಂಗಿಯಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಈ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಮೂಗಿನೊಳಗೆ ಸುಮ್ಮನೆ ಇರುತ್ತದೆ, ಈಕೆಯ ಮೂಗಿನಲ್ಲೇ ಇದ್ದಿರಲೂಬಹುದು. ಆದರೆ ಕುರು ಇರುವವರ ಜೊತೆ ಟವೆಲ್ ಹಂಚಿಕೊಂಡರೆ ಇದು ಹರಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಇನ್ನೊಂದು ಸಂಗತಿಯೂ ಜೊತೆಗಿತ್ತು. ಆಕೆ ಮುಖವನ್ನು ಒರಟು ಟವೆಲ್‌ನಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದರು, ದಿನಕ್ಕೆ ಐದು ಸಲ. ಹಾಗೆ ತಿಕ್ಕಿದಾಗ ಚರ್ಮದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಗೀರು ಮಾಡಿ, ರೋಗಾಣು ಇಟ್ಟು, ಅದರ ಮೇಲೆ ಒದ್ದೆ ಸ್ಪಾಂಜ್ ಒತ್ತಿದ ಹಾಗಾಯಿತು.

ಇನ್ನು ದಿಂಬಿನ ಕವರ್. ಇದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಬಿಳಿ ಹತ್ತಿ ಬಟ್ಟೆ, ಒಂದೇ ರಾತ್ರಿ ಬಳಸಿದ್ದು. ಕೆನ್ನೆ ತಾಗುವ ಕಡೆ ಹೆಚ್ಚೇನೂ ಇರಲಿಲ್ಲ. ಆದರೆ ಅದಕ್ಕಿಂತ ನಾಲ್ಕು ಬೆರಳು ಮೇಲೆ, ಹಣೆ ಮತ್ತು ಕೂದಲು ಬೀಳುವ ಜಾಗದಲ್ಲಿ, ಅಂಗೈಯಗಲದ ಜಿಡ್ಡಿನ ಕಲೆ. ಅದರ ಮೂಲಕ ಬೆಳಕು ಎಣ್ಣೆಕಾಗದದಲ್ಲಿ ಹಾಯುವಂತೆ ಹಾಯುತ್ತಿತ್ತು.

"ಮಲಗೋ ಮುಂಚೆ ತಲೆಗೆ ಏನಾದ್ರೂ ಹಚ್ತೀರಾ?"

"ಹೂಂ, ಸೀರಂ. ಕೂದಲು ಸಿಕ್ಕಾಗಬಾರದು ಅಂತ. ಐದಾರು ತಿಂಗಳಾಯ್ತು."

ಐದಾರು ತಿಂಗಳಿಂದ ಸೀರಂ, ನಾಲ್ಕು ತಿಂಗಳಿಂದ ಗುಳ್ಳೆ. ತೊಳೆಯದೆ ಕೂದಲಲ್ಲೇ ಬಿಡುವ ಸೀರಂ, ಎಣ್ಣೆ, ಕ್ರೀಮುಗಳು ಹಣೆಯ ಅಂಚಿಗೆ ಇಳಿದು ಕೊಳವೆಯ ಬಾಯಿಗೆ ಮೆತ್ತಿಕೊಂಡರೆ ಬರುವುದು ಹೀಗೇ, ಸಣ್ಣ ಮುಚ್ಚಿದ ಗುಳ್ಳೆಗಳ ಸಾಲು. ಅವು ಎಡಬದಿಯಲ್ಲೇ ಜಾಸ್ತಿ ಯಾಕಿದ್ದವು ಅನ್ನುವುದೂ ಈಗ ಗೊತ್ತಾಯಿತು. ಎಡ ಮಗ್ಗುಲಿಗೆ ಮಲಗುವುದರಿಂದ ಸೀರಂ ಮೆತ್ತಿದ ಕೂದಲೂ ಬಟ್ಟೆಯೂ ಏಳೆಂಟು ಗಂಟೆ ಅದೇ ಬದಿಯನ್ನು ಒತ್ತಿಕೊಂಡಿರುತ್ತಿದ್ದವು. ಕವರ್ ದಿನಾ ಬದಲಿಸಿದರೂ ಪ್ರತಿ ರಾತ್ರಿ ಹೊಸ ಸೀರಂ ಬರುತ್ತಲೇ ಇತ್ತು.

ಇಂಥದ್ದೇ ಜಾಗದಲ್ಲಿ ಬರುವ ಇನ್ನೊಂದು ತೊಂದರೆ ಇದೆ, ಮಲಾಸೇಜಿಯಾ ಅನ್ನುವ ಫಂಗಸ್‌ನಿಂದ ಆಗುವುದು. ಅದಕ್ಕೆ ತುರಿಕೆ ಇರುತ್ತದೆ, ಒಂದೇ ಅಳತೆಯ ಕೆಂಪು ಗುಳ್ಳೆಗಳು ಇರುತ್ತವೆ, ಎದೆ ಬೆನ್ನಿನಲ್ಲೂ ಸಾಮಾನ್ಯವಾಗಿ ಕಾಣುತ್ತವೆ. ಈಕೆಗೆ ಅದ್ಯಾವುದೂ ಇರಲಿಲ್ಲ. ಹಣೆಯ ಗುಳ್ಳೆ ತುರಿಸುತ್ತಿದ್ದರೆ ಮಾತ್ರ ಸೀರಂ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಅದರ ಔಷಧಿಯೇ ಬೇರೆ.

ಮುಖ ಉರಿಯುತ್ತಿದ್ದದ್ದಕ್ಕೆ ಕಾರಣ ಅರ್ಧ ನನ್ನ ಸಲಹೆಯೇ. ದಿನಾ ಬದಲಿಸಿ ಅಂದಿದ್ದಕ್ಕೆ ಆಕೆ ಇನ್ನೂ ಚೆನ್ನಾಗಿ ತೊಳೆಯೋಣ ಅಂತ ಡಿಟರ್ಜೆಂಟ್ ಎರಡು ಪಟ್ಟು ಹಾಕಿ, ಕೊನೆಯಲ್ಲಿ ಸುವಾಸನೆಯ ಫ್ಯಾಬ್ರಿಕ್ ಸಾಫ್ಟ್‌ನರ್ ಕೂಡ ಹಾಕಿದ್ದರು. ಅಳತೆ ಮೀರಿದ ಡಿಟರ್ಜೆಂಟ್ ಪೂರ್ತಿ ಜಾಲಿಸಿ ಹೋಗುವುದಿಲ್ಲ. ಸಾಫ್ಟ್‌ನರ್ ಅಂತೂ ಬಟ್ಟೆಯ ಮೇಲೆ ಉಳಿಯಲೆಂದೇ ಮಾಡಿದ ಪದಾರ್ಥ, ಟವೆಲ್ ನೀರು ಹೀರುವುದೂ ಅದರಿಂದ ಕಡಿಮೆಯಾಗುತ್ತದೆ. ದಿನಕ್ಕೆ ಐದು ಸಲ ತೊಳೆದು ಮೊದಲೇ ಒಣಗಿದ್ದ ಚರ್ಮ ಅದರ ಮೇಲೆ ರಾತ್ರಿಯಿಡೀ ಮಲಗುತ್ತಿತ್ತು.

ಫೋನ್ ವಿಷಯದಲ್ಲಿ ಹೆಚ್ಚು ಹುಡುಕಬೇಕಾಗಿ ಬರಲಿಲ್ಲ. "ಫೋನ್ ಹೇಗೆ ಹಿಡೀತೀರಿ, ತೋರ್ಸಿ" ಅಂದೆ. ಬಲಗೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿ ಎರಡೂ ಕೈಯಲ್ಲಿ ಟೈಪ್ ಮಾಡುವ ಹಾಗೆ ತೋರಿಸಿದರು. ತೆಗೆದಾಗ ಸ್ಕ್ರೀನ್ ಮೇಲೆ ಫೌಂಡೇಷನ್‌ನ ಉದ್ದನೆಯ ಗುರುತು. ಆ ಗುರುತನ್ನು ಕೆನ್ನೆಯ ಪಕ್ಕ ಹಿಡಿದರೆ ಒಂಬತ್ತು ಗುಳ್ಳೆಗಳ ಪಟ್ಟಿಯ ಮೇಲೆ ಸರಿಯಾಗಿ ಕೂರುತ್ತಿತ್ತು.

ಇಲ್ಲಿ ರೋಗಾಣು ಮುಖ್ಯವಲ್ಲ. ಒತ್ತಡ, ಬಿಸಿ, ಬೆವರು, ಉಜ್ಜಾಟ, ಇವು. ಅಮೆರಿಕದ ಮಿಲ್ಸ್ ಮತ್ತು ಕ್ಲಿಗ್ಮನ್ ಅನ್ನುವ ಚರ್ಮವೈದ್ಯರು 1975ರಲ್ಲೇ ಇದಕ್ಕೆ ಆಕ್ನೆ ಮೆಕ್ಯಾನಿಕಾ ಅಂತ ಹೆಸರಿಟ್ಟು ಬರೆದಿದ್ದಾರೆ. ಹೆಲ್ಮೆಟ್ ಪಟ್ಟಿ ಬಿಗಿಯುವ ಗದ್ದದಲ್ಲಿ, ಪಿಟೀಲು ಒತ್ತುವ ಕುತ್ತಿಗೆಯಲ್ಲಿ ಬರುವುದೂ ಇದೇ ಬಗೆಯದ್ದು. ಆಕೆ ಸ್ಕ್ರೀನನ್ನು ಎಷ್ಟೇ ಒರೆಸಿದರೂ ಗುಳ್ಳೆ ಹೋಗದೇ ಇದ್ದದ್ದು ಅದಕ್ಕೇ, ಒರೆಸಿದರೆ ಒತ್ತಡ ಕಡಿಮೆಯಾಗುವುದಿಲ್ಲವಲ್ಲ. ಬದಲಿಗೆ ಆಲ್ಕೋಹಾಲ್ ಆರುವ ಮೊದಲೇ ಕೆನ್ನೆಗೆ ಹಿಡಿದು ಚರ್ಮವನ್ನು ಇನ್ನಷ್ಟು ಒಣಗಿಸುತ್ತಿದ್ದರು.

ಈಗ ಏನು ಮಾಡಿದೆವು ಅನ್ನುವುದು. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಒಂದೊಂದು ವಸ್ತುವಿಗೂ ಮುಖದಲ್ಲಿ ಅದರದ್ದೇ ಜಾಗ ಇತ್ತು, ಅದು ನಮಗೆ ಅನುಕೂಲವಾಯಿತು. ಸೀರಂ ಒಂದನ್ನು ಮಾತ್ರ ಬೇಕೆಂದೇ ನಾಲ್ಕು ವಾರ ಹಾಗೇ ಬಿಟ್ಟೆವು. ಕವರ್ ಸರಿಯಾಗಿ ತೊಳೆದರೆ ಸಾಕಾ, ಸೀರಂ ಕೂಡ ಬಿಡಬೇಕಾ ಅಂತ ನೋಡಬೇಕಿತ್ತು.

ಸೋಂಕು ಮೊದಲು. ಸ್ಪಾಂಜ್ ಕಸಕ್ಕೆ ಹೋಯಿತು, ಫೌಂಡೇಷನ್ ಬ್ರಷ್ ಕೂಡ. ಕೀವುಗುಳ್ಳೆಗಳಿಗೆ ಮ್ಯುಪಿರೋಸಿನ್ ಮುಲಾಮನ್ನು ಒಂದು ವಾರ ಕೊಟ್ಟೆ. ಇದು ವೈದ್ಯರು ನೋಡಿ ಕೊಡಬೇಕಾದ ಆಂಟಿಬಯಾಟಿಕ್, ಮೊಡವೆಗೆಲ್ಲ ಹಚ್ಚುವುದಲ್ಲ. ಆ ವಾರ ಮೇಕಪ್ ಬೇಡ ಅಂದೆ. ಮೂವರಿಗೂ ಬೇರೆ ಬೇರೆ ಟವೆಲ್. ಈಕೆಗೆ ಮುಖಕ್ಕೇ ಅಂತ ನಾಲ್ಕು ಸಣ್ಣ ಮೆತ್ತನೆಯ ಬಟ್ಟೆ. ಒಂದನ್ನು ಒಂದು ದಿನ ಬಳಸಿ, ಹರಡಿ ಒಣಗಿಸಿ, ಒಗೆಯಲು ಹಾಕುವುದು. ಒದ್ದೆಯನ್ನೇ ಬುಟ್ಟಿಯಲ್ಲಿ ಮುದ್ದೆ ಮಾಡಿ ಹಾಕಬಾರದು. ಟವೆಲ್‌ಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸುವುದು. ತಂಗಿಯನ್ನೂ ಕರೆಸಿ ಕುರುವಿಗೆ ಚಿಕಿತ್ಸೆ ಕೊಟ್ಟೆ. ಅದನ್ನು ಬಿಟ್ಟು ಅಕ್ಕನಿಗೆ ಮಾತ್ರ ಔಷಧಿ ಕೊಟ್ಟಿದ್ದರೆ ಮತ್ತೆ ಬರುವ ಸಂಭವವೇ ಹೆಚ್ಚು.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ಬೆವರು ಸುರಿದರೆ ಇನ್ನೊಂದು ಸಲ. ಬೆರಳಿನಿಂದ ಮಾತ್ರ. ಒರೆಸುವಾಗ ಒತ್ತಿ ಒತ್ತಿ ನೀರು ಹೀರಿಸುವುದು, ತಿಕ್ಕುವುದಿಲ್ಲ. ಕವರ್ ವಾರಕ್ಕೆ ಎರಡು ಸಲ ಬದಲಿಸಿದರೆ ಸಾಕು. ಡಿಟರ್ಜೆಂಟ್ ಪೊಟ್ಟಣದ ಮೇಲೆ ಬರೆದಿರುವ ಅಳತೆಯಷ್ಟೇ, ಒಂದು ಸಲ ಹೆಚ್ಚಿಗೆ ಜಾಲಿಸುವುದು, ಸಾಫ್ಟ್‌ನರ್ ಬೇಡ. ಕೆಲಸದ ಕರೆಗಳಿಗೆಲ್ಲ ಇಯರ್‌ಫೋನ್. ಸ್ಕ್ರೀನನ್ನು ದಿನಕ್ಕೊಂದು ಸಲ 70% ಐಸೋಪ್ರೊಪೈಲ್ ಆಲ್ಕೋಹಾಲ್ ವೈಪ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಮುಟ್ಟುವುದು.

ಗದ್ದಕ್ಕೆ ರಾತ್ರಿ ಅಡಾಪಲೀನ್ ಜೆಲ್ ಕೊಟ್ಟೆ, ಅದೂ ಮುಖದ ಉರಿ ಇಳಿದ ಮೇಲೆ, ಎರಡನೇ ವಾರದಿಂದ. ಸಾಮಾನ್ಯವಾಗಿ ಇದನ್ನು ಮೊಡವೆ ಬರುವ ಇಡೀ ಜಾಗಕ್ಕೆ ತೆಳುವಾಗಿ ಹಚ್ಚಬೇಕು. ಇಲ್ಲಿ ಗದ್ದಕ್ಕಷ್ಟೇ ಸೀಮಿತ ಮಾಡಿದೆ, ಕೆನ್ನೆ ಹಣೆಯಲ್ಲಿ ಆಗುವ ಬದಲಾವಣೆ ಔಷಧಿಯದ್ದಾ ಅಭ್ಯಾಸದ್ದಾ ಅಂತ ಗೊಂದಲ ಆಗಬಾರದಲ್ಲ. ಗರ್ಭಿಣಿಯರಿಗೆ ಈ ಜೆಲ್ ಕೊಡುವುದಿಲ್ಲ, ಕೇಳಿಕೊಂಡೇ ಕೊಟ್ಟದ್ದು.

ಹೊಸ ಬ್ರಷ್ ತೊಳೆಯುವುದನ್ನು ಕ್ಲಿನಿಕ್ಕಿನ ಸಿಂಕಿನಲ್ಲೇ ಮಾಡಿ ತೋರಿಸಿದೆ. ಕೂದಲು ಕೆಳಗಿರಬೇಕು, ಹಿಡಿ ಮೇಲೆ. ಉಗುರುಬೆಚ್ಚಗಿನ ನೀರಿನಲ್ಲಿ ಕೂದಲಿನ ತುದಿಭಾಗ ಮಾತ್ರ ನೆನೆಸಿ, ಅಂಗೈಯಲ್ಲಿ ನಾಲ್ಕು ಹನಿ ಮೈಲ್ಡ್ ಶಾಂಪೂ ಹಾಕಿಕೊಂಡು ಬ್ರಷ್ಷನ್ನು ಅದರಲ್ಲಿ ತಿರುಗಿಸುವುದು. ನೊರೆಯಲ್ಲಿ ಬಣ್ಣ ಬರುತ್ತದೆ. ನೀರು ತಿಳಿಯಾಗುವವರೆಗೆ ಜಾಲಿಸುವುದು, ಮೂರ್ನಾಲ್ಕು ಸಲ ಬೇಕಾಗಬಹುದು. ಆಮೇಲೆ ಒಣಬಟ್ಟೆಯಲ್ಲಿ ಬುಡದಿಂದ ತುದಿಗೆ ಹಿಂಡಿ, ಆಕಾರ ಸರಿಮಾಡಿ, ಮೇಜಿನ ಅಂಚಿನಲ್ಲಿ ಅಡ್ಡ ಮಲಗಿಸಬೇಕು, ಕೂದಲಿನ ಭಾಗ ಅಂಚಿನಿಂದ ಆಚೆ ಇರುವ ಹಾಗೆ. ಸುತ್ತಲೂ ಗಾಳಿಯಾಡುತ್ತದೆ. ದಪ್ಪ ಬ್ರಷ್‌ಗೆ ಒಂದು ರಾತ್ರಿ ಸಾಲದೇ ಹೋಗಬಹುದು. ಬುಡವನ್ನು ತುಟಿಗೆ ತಾಗಿಸಿ ನೋಡಿದರೆ ಗೊತ್ತಾಗುತ್ತದೆ, ಬೆರಳಿಗೆ ತಿಳಿಯದ ತಂಪು ತುಟಿಗೆ ತಿಳಿಯುತ್ತದೆ. ತಂಪಾಗಿದ್ದರೆ ಇನ್ನೂ ಒದ್ದೆ. ವಾರಕ್ಕೊಂದು ಸಲ ಹೀಗೆ ತೊಳೆದರೆ ಸಾಕು. ಸ್ಪಾಂಜ್ ಬೇಕೇ ಬೇಕು ಅಂದರೆ ಬಳಸಿದ ಪ್ರತಿ ಸಲ ತೊಳೆದು, ಹಿಂಡಿದ ನೀರು ತಿಳಿಯಾದ ಮೇಲೆ ಗಾಳಿಗೆ ಇಡಬೇಕು, ಡಬ್ಬಿಗಲ್ಲ. ಮೂರು ತಿಂಗಳಿಗೊಮ್ಮೆ, ಅಥವಾ ಕಲೆ ಹೋಗದೇ ಇದ್ದರೆ ಅದಕ್ಕೂ ಮೊದಲೇ, ಬಿಸಾಡಬೇಕು.

ಉರಿ, ಕೆಂಪು ಒಂದೇ ವಾರದಲ್ಲಿ ಇಳಿಯಿತು. ಕೀವುಗುಳ್ಳೆಗಳು ಹತ್ತು ದಿನದಲ್ಲಿ ಒಣಗಿದವು. ಸ್ಪಾಂಜ್ ಬಿಟ್ಟಿದ್ದಕ್ಕಾ, ಮುಲಾಮಿಗಾ? ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಅಷ್ಟಕ್ಕೇ ಹೇಳಲು ಬರುವುದಿಲ್ಲ. ಆದರೆ ಏಳನೇ ವಾರದಲ್ಲಿ ಆಕೆ ಗೆಳತಿಯ ಮದುವೆಗೆ ಹೋಗಿ, ಅಲ್ಲಿ ಐದಾರು ಜನರಿಗೆ ಬಳಸಿದ ಒಂದೇ ಸ್ಪಾಂಜ್‌ನಲ್ಲಿ ಮೇಕಪ್ ಮಾಡಿಸಿಕೊಂಡರು. ಮೂರನೇ ದಿನ ಫೋಟೋ ಕಳಿಸಿದರು, ಕೆನ್ನೆಯ ಅದೇ ಜಾಗದಲ್ಲಿ ಆರು ಕೀವುಗುಳ್ಳೆ. ಈ ಸಲ ಮುಲಾಮು ಕೊಡಲಿಲ್ಲ. ಒಡೆಯಬೇಡಿ, ಮೇಕಪ್ ನಿಲ್ಲಿಸಿ, ಎರಡು ಹೊತ್ತು ಸುಮ್ನೆ ಮುಖ ತೊಳೆಯಿರಿ ಅಂದೆ. ಎಂಟು ದಿನದಲ್ಲಿ ಹೋದವು. ಒಬ್ಬರ ಮುಖದಲ್ಲಿ ಒಂದು ಸಲ ನಡೆದದ್ದು ಪೂರ್ತಿ ಸಾಕ್ಷಿ ಅಲ್ಲ ನಿಜ. ಆದರೂ ನನ್ನ ಅನುಮಾನ ಗಟ್ಟಿಯಾಯಿತು.

ಬಲಗೆನ್ನೆ ನಿಧಾನ. ಇಯರ್‌ಫೋನ್ ಶುರುಮಾಡಿ ಮೂರು ವಾರವಾದರೂ ಎರಡು ಹೊಸ ಗುಳ್ಳೆ ಬಂದವು. "ಇದೂ ಕೆಲಸ ಮಾಡ್ತಿಲ್ಲ" ಅಂತ ಬೇಸರದಿಂದ ಫೋನ್ ಮಾಡಿದ್ದರು. ಆ ಹೊತ್ತಿಗೆ ಮೇಲೆ ಬರುತ್ತಿದ್ದವು ಹಿಂದೆಯೇ ಒಳಗೆ ಮುಚ್ಚಿಕೊಂಡಿದ್ದ ಕೊಳವೆಗಳು, ಹಾಗಾಗಿ ಮೊಡವೆಯಲ್ಲಿ ಯಾವ ಬದಲಾವಣೆಯನ್ನೂ ಎಂಟರಿಂದ ಹನ್ನೆರಡು ವಾರಕ್ಕೆ ಮುಂಚೆ ಅಳೆಯಬಾರದು. ಹೆಚ್ಚಿನವರು ಕೈಬಿಡುವುದು ಈ ಮೂರನೇ ನಾಲ್ಕನೇ ವಾರದಲ್ಲೇ. ಎಂಟನೇ ವಾರಕ್ಕೆ ಒಂಬತ್ತು ಇದ್ದದ್ದು ಎರಡಾಯಿತು, ಎಡಗೆನ್ನೆಯಷ್ಟೇ. ಕಂದು ಕಲೆಗಳು ಮಾತ್ರ ಉಳಿದವು, ಅವು ಮಾಯಲು ತಿಂಗಳುಗಟ್ಟಲೆ ಬೇಕು.

ಹಣೆಯದ್ದು ನನಗೆ ಹೆಚ್ಚು ಕಲಿಸಿತು. ಮೊದಲ ನಾಲ್ಕು ವಾರ ಕವರ್ ಸರಿಯಾಗಿ ಒಗೆದು ಬದಲಿಸುತ್ತಿದ್ದರು, ಸೀರಂ ಮುಂದುವರಿದಿತ್ತು. ಎಡಬದಿಯಲ್ಲಿ ಇಪ್ಪತ್ತು ಇದ್ದದ್ದು ನಾಲ್ಕನೇ ವಾರಕ್ಕೆ ಇಪ್ಪತ್ತೊಂದು. ಕಡಿಮೆಯಾಗಲು ಅದು ಕಡಿಮೆ ಸಮಯ ಅನ್ನಬಹುದು, ಆದರೆ ಹೊಸದು ಬರುತ್ತಲೇ ಇತ್ತಲ್ಲ. ಆಮೇಲೆ ಸೀರಂ ಬೆಳಿಗ್ಗೆಗೆ ಬದಲಾಯಿತು, ಕೂದಲಿನ ಕೆಳಗಿನ ಅರ್ಧಕ್ಕೆ ಮಾತ್ರ, ರಾತ್ರಿ ಕೂದಲನ್ನು ಸಡಿಲವಾಗಿ ಮೇಲೆ ಕಟ್ಟಿ ಮಲಗುವುದು. ಹೊಸ ಗುಳ್ಳೆ ಬರುವುದು ಮೂರ್ನಾಲ್ಕು ವಾರದಲ್ಲಿ ನಿಂತಿತು. ಹದಿನಾಲ್ಕನೇ ವಾರ ಎಣಿಸಿದಾಗ ಎಡಕ್ಕೆ ಆರು, ಬಲಕ್ಕೆ ಎರಡು. ಆಗ ಅಡಾಪಲೀನನ್ನು ಹಣೆಗೂ ವಿಸ್ತರಿಸಿದೆ, ಉಳಿದವು ಬೇಗ ಹೋಗಲಿ ಅಂತ.

ಗದ್ದದ ಮೂರು ಗುಳ್ಳೆ? ಹನ್ನೆರಡನೇ ವಾರದಲ್ಲೂ ಮುಟ್ಟಿನ ಮುಂಚೆ ಎರಡು ಬಂದವು, ಮೊದಲಿಗಿಂತ ಸಣ್ಣವು. ಅದಕ್ಕೆ ಬೆಂಜಾಯ್ಲ್ ಪೆರಾಕ್ಸೈಡ್ ಸೇರಿಸಿದೆ. ಅದು ಬಣ್ಣದ ಬಟ್ಟೆಯ ಮೇಲೆ ಬಿಳಿ ಕಲೆ ಮಾಡುತ್ತದೆ, ಹಾಗಾಗಿ ಇನ್ನು ಮುಂದೆ ಟವೆಲ್, ದಿಂಬಿನ ಕವರ್ ಎರಡೂ ಬಿಳಿಯದ್ದೇ ಇರಲಿ ಅಂತ ಹೇಳಿದೆ. ಬಿಳಿಯದಾದರೆ ಜಿಡ್ಡಿನ ಕಲೆ ಎಲ್ಲಿ ಬಿದ್ದಿದೆ ಅನ್ನುವುದೂ ಕಾಣುತ್ತದೆ.

ಮೂಗಿನ ಸುತ್ತ, ಮೇಲ್ತುಟಿ, ಕಣ್ಣಿನ ಹತ್ತಿರ ನೋವಿನ ಕುರು ಎದ್ದರೆ, ಸುತ್ತಲಿನ ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ಮಾತ್ರ ಈ ಕವರ್, ಬ್ರಷ್ ಪ್ರಯೋಗ ಮಾಡುತ್ತಾ ಕೂರಬಾರದು, ಹಿಸುಕಲೂಬಾರದು. ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಈಕೆಗೆ ಅದ್ಯಾವುದೂ ಬರಲಿಲ್ಲ.

ಕೊನೆಯ ಸಲ ಬಂದಾಗ ಆಕೆ ಮುಖ ತೊಳೆಯುವುದನ್ನು ಎರಡು ಸಲಕ್ಕೆ ಇಳಿಸಿ ಮೂರೂವರೆ ತಿಂಗಳಾಗಿತ್ತು. ಮುಖದ ನಕ್ಷೆಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಅವನ್ನು ಬಿಟ್ಟು ಆಕೆ ಮೊದಲು ಕೇಳಿದ್ದು ತಂಗಿಯ ಬಗ್ಗೆ, "ಅವಳಿಗೆ ಕುರು ಮತ್ತೆ ಬಂದಿಲ್ಲ ಡಾಕ್ಟ್ರೇ, ಟವೆಲ್ ಈಗ್ಲೂ ಬೇರೆ ಬೇರೆನೇ ಇಡಬೇಕಾ?" ಹೌದು, ಬೇರೆಯೇ ಇರಲಿ ಅಂದೆ.